ಸತ್ಯಾಂಶ: ರಾಖಿಗಢಿಯ ಡಿಎನ್‌ಎ ಏನು ಹೇಳುತ್ತದೆ?

ಫಾರ್ವರ್ಡ್: "ರಾಖಿಗಢಿ ಡಿಎನ್‌ಎಯಿಂದ ಸಾಬೀತಾಗಿದೆ, ಭಾರತಕ್ಕೆ ಹೊರಗಿನಿಂದ ಯಾರೂ ಬಂದಿಲ್ಲ, ನಮ್ಮದು ಶುದ್ಧ ರಕ್ತ."

ಹರಿಯಾಣದ ಈ ಹರಪ್ಪ ನೆಲೆಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದರೂ, ಓದಬಹುದಾದಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬ ಮಹಿಳೆಯ ಅಸ್ಥಿಯಿಂದ ಮಾತ್ರ. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಕೆಯೂ ಮಿಶ್ರ ಮೂಲದವಳೇ: ಒಂದು ಪಾಲು ಪ್ರಾಚೀನ ಇರಾನಿನವರಿಗೆ ಹತ್ತಿರದ್ದು, ಇನ್ನೊಂದು ದಕ್ಷಿಣ ಏಷ್ಯಾದ ಬೇಟೆಗಾರರದು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಆಕೆಯಲ್ಲಿ ಕಾಣಲಿಲ್ಲ, ನಿಜ. ಆದರೆ ಆಕೆ ಬದುಕಿದ್ದು ಸುಮಾರು 4,500 ವರ್ಷಗಳ ಹಿಂದೆ. ನಂತರದ ಕಾಲದ, ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಸಮಾಧಿಗಳಲ್ಲಿ ಆ ಅಂಶವಿದೆ. ಇಂದಿನ ಬಹುತೇಕ ಭಾರತೀಯರಲ್ಲೂ ಹೆಚ್ಚುಕಡಿಮೆ ಪ್ರಮಾಣದಲ್ಲಿದೆ. ಬಂದವರು, ಇದ್ದವರು ಮತ್ತೆ ಮತ್ತೆ ಬೆರೆತರು. ಈಗಿನ ಸಮುದಾಯಗಳ ವಂಶವಾಹಿಗಳ ಲೆಕ್ಕದಲ್ಲಿ ಈ ಬೆರಕೆ ಸುಮಾರು 1,900 ವರ್ಷಗಳ ಹಿಂದಿನವರೆಗೂ ವ್ಯಾಪಕವಾಗಿತ್ತು. ಜಾತಿಯೊಳಗಿನ ಮದುವೆ ಬಿಗಿಯಾದದ್ದು ಆಮೇಲೆ.