ಪೆನ್ಸಿಲ್ ಬರೆದ ಜಾತಕ

1950ರಲ್ಲಿ ದಕ್ಷಿಣ ಆಫ್ರಿಕಾದ ಸಂಸತ್ತು ಜನಸಂಖ್ಯಾ ನೋಂದಣಿ ಕಾಯ್ದೆಯನ್ನು ಪಾಸು ಮಾಡಿತು. ದೇಶದ ಪ್ರತಿಯೊಬ್ಬರ ಜನಾಂಗ ಯಾವುದೆಂದು ಸರ್ಕಾರವೇ ದಾಖಲೆಯಲ್ಲಿ ಬರೆದಿಡುವ ಏರ್ಪಾಡು. ಬರೆಯಬೇಕಾದರೆ ಬಿಳಿಯ ಎಂದರೆ ಯಾರು ಅಂತ ಮೊದಲು ಹೇಳಬೇಕಲ್ಲ? ಕಾಯ್ದೆ ಹೇಳಿತು: ನೋಡಲು ಬಿಳಿಯನಂತೆ ಕಾಣುವವನು ಬಿಳಿಯ, ಹಾಗೆ ಕಾಣದಿದ್ದರೂ ನಾಲ್ಕು ಜನ ಬಿಳಿಯನೆಂದು ಒಪ್ಪಿಕೊಂಡಿದ್ದರೆ ಅವನೂ ಬಿಳಿಯ, ಆದರೆ ನೋಡಲು ಬಿಳಿಯನಂತೆಯೇ ಇದ್ದು, ನಾಲ್ಕು ಜನ 'ಕಲರ್ಡ್', ಅಂದರೆ ಮಿಶ್ರ ಮೂಲದವನು, ಎಂದುಕೊಂಡಿದ್ದರೆ ಅವನು ಬಿಳಿಯನಲ್ಲ. ಒಟ್ಟಿನಲ್ಲಿ, ಅಕ್ಕಪಕ್ಕದ ಮನೆಯವರ ಹರಟೆಗೆ ಶಾಸನದ ಮುದ್ರೆ ಬಿತ್ತು.

ಇಷ್ಟಾದರೂ ಗೊಂದಲ ಉಳಿದವರ ತೀರ್ಮಾನಕ್ಕೆ ಒಂದು ಮಂಡಳಿ ಇತ್ತು. ಕೆಲವು ಅಧಿಕಾರಿಗಳ ಬಳಿ ಒಂದು ಉಪಕರಣವೂ ಇತ್ತು. ಅದು ಪೆನ್ಸಿಲ್. ತಲೆಗೂದಲಲ್ಲಿ ಸಿಕ್ಕಿಸಿ ನೋಡುವುದು. ಜಾರಿ ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಮನುಷ್ಯನ ಶಾಲೆ, ಬೀದಿ, ಮದುವೆ, ಕೊನೆಗೆ ಸ್ಮಶಾನ ಯಾವುದೆಂದು ಗುರುತ್ವಾಕರ್ಷಣೆ ನಿರ್ಧರಿಸಿತು.

ಜನಾಂಗ ಅಂದರೆ ಹುಟ್ಟಿನಿಂದ ಬಂದದ್ದು, ಬದಲಾಗದ್ದು ಎಂಬುದು ಆ ಸರ್ಕಾರದ ಸಿದ್ಧಾಂತ. ಅದೇ ಸರ್ಕಾರ ಸಂಸತ್ತಿಗೆ ಕೊಟ್ಟ 1985ರ ಲೆಕ್ಕದ ಪ್ರಕಾರ, ಆ ಒಂದೇ ವರ್ಷದಲ್ಲಿ 702 ಮಂದಿ ಕಲರ್ಡ್ ಜನ ಬಿಳಿಯರಾದರು, 19 ಬಿಳಿಯರು ಕಲರ್ಡ್ ಆದರು, ಮೂವರು ಚೀನೀಯರೂ ಬಿಳಿಯರಾದರು. ವಂಶವಾಹಿಯಲ್ಲಿ ಇಂಥ ಬದಲಾವಣೆಗೆ ಸಾವಿರಾರು ವರ್ಷ ಬೇಕಂತೆ. ಗುಮಾಸ್ತರಿಗೆ ಒಂದು ಅರ್ಜಿ ಸಾಕಾಯಿತು. ಜಪಾನಿನವರ ಕಥೆ ಇನ್ನೂ ಸೊಗಸು. 1960ರ ದಶಕದಲ್ಲಿ ಜಪಾನ್ ಕಬ್ಬಿಣ ಕೊಳ್ಳಲು ಬಂತು. ಕೊಳ್ಳುವವರನ್ನು ಹಿಂದಿನ ಬಾಗಿಲಿಂದ ಕರೆಯಲಾಗುತ್ತದೆಯೇ? ನಮ್ಮಲ್ಲಿ ಗೌರವ ಡಾಕ್ಟರೇಟ್ ಕೊಡುವ ಹಾಗೆ ಜಪಾನಿನವರಿಗೆ 'ಗೌರವ ಬಿಳಿಯ' ಪದವಿ ಕೊಟ್ಟರು. ಅಲ್ಲೇ ತಲೆಮಾರುಗಳಿಂದ ಅಂಗಡಿ ಇಟ್ಟುಕೊಂಡಿದ್ದ ಚೀನೀಯರು ಮಾತ್ರ ಬಿಳಿಯರಲ್ಲದವರ ಪಟ್ಟಿಯಲ್ಲೇ ಉಳಿದರು. ಅವರು ಕಬ್ಬಿಣ ಕೊಳ್ಳುತ್ತಿರಲಿಲ್ಲ.

ಈ ದಫ್ತರಿನಲ್ಲಿ ಸಾನ್ ಜನರಿಗೆ, ಅಂದರೆ ಕಲಹಾರಿ ಮರಳುಗಾಡಿನ ಬೇಟೆಗಾರರಿಗೆ, ಬಹುಪಾಲು ಸಿಕ್ಕಿದ್ದು 'ಕಲರ್ಡ್' ಎಂಬ ಖಾನೆ. ಯಾವುದಕ್ಕೂ ಹೊಂದದ್ದನ್ನೆಲ್ಲ ತುರುಕಲು ಇಟ್ಟ ಖಾನೆ ಅದು. ಕೂದಲು ಗುಂಗುರು, ಮೈಬಣ್ಣ ಜೇನಿನಂಥ ಕಂದು. ಪೆನ್ಸಿಲ್ ಒಂದು ಹೇಳಿದರೆ ಚರ್ಮ ಇನ್ನೊಂದು ಹೇಳುತ್ತಿತ್ತು.

ಕಾಯ್ದೆ 1991ರಲ್ಲಿ ರದ್ದಾಯಿತು. ಅದಾಗಿ 19 ವರ್ಷದ ಮೇಲೆ, 2010ರಲ್ಲಿ, ನಮೀಬಿಯಾದ ನಾಲ್ವರು ಸಾನ್ ಹಿರಿಯರ ಡಿಎನ್‌ಎಯನ್ನು ವಿಜ್ಞಾನಿಗಳು ಓದಿ ಪ್ರಕಟಿಸಿದರು. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಯುರೋಪಿನವನೊಬ್ಬನನ್ನೂ ಏಷ್ಯಾದವನೊಬ್ಬನನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರತಿ ಹತ್ತು ಸಾವಿರ ಅಕ್ಷರದಲ್ಲಿ ಸುಮಾರು ಹತ್ತು ಬೇರೆಯಾಗಿರುತ್ತವೆ. ಕಲಹಾರಿಯ ಇಬ್ಬರು ಸಾನ್ ಮುದುಕರನ್ನು ಹಾಗೆಯೇ ಇಟ್ಟು ನೋಡಿದಾಗ ಸರಾಸರಿ ಹನ್ನೆರಡು ಬೇರೆಯಾಗಿದ್ದವು. ಎರಡೇ ತಾನೇ ಹೆಚ್ಚು ಎನ್ನಬೇಡಿ. ಇಡೀ ಡಿಎನ್‌ಎಗೆ ಲೆಕ್ಕ ಹಾಕಿದರೆ ಅದು ಆರು ಲಕ್ಷ ಅಕ್ಷರಗಳಷ್ಟಾಗುತ್ತದೆ. ಅಲ್ಲಿಗೆ 'ಎರಡು ಜನಾಂಗ' ಎಂದು ಹೆಸರಾದವರ ನಡುವಿನ ದೂರಕ್ಕಿಂತ, ಒಂದೇ ಮರಳುಗಾಡಿನವರು, ಒಂದೇ ಖಾನೆಗೆ ಬಿದ್ದವರು, ಒಬ್ಬರಿಂದೊಬ್ಬರು ಹೆಚ್ಚು ದೂರ. ಅದುವರೆಗೆ ಯಾವ ಪಟ್ಟಿಯಲ್ಲೂ ಇಲ್ಲದ 13 ಲಕ್ಷ ವ್ಯತ್ಯಾಸಗಳು ಆ ಒಂದೇ ಅಧ್ಯಯನದಲ್ಲಿ ಸಿಕ್ಕವು.

ಅದೇ ಅಧ್ಯಯನಕ್ಕೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಕೂಡ ರಕ್ತ ಕೊಟ್ಟಿದ್ದರು. ಸರ್ಕಾರದ ಪುಸ್ತಕದಲ್ಲಿ ಅವರು 'ಬಂಟು', ಅಂದರೆ ಕರಿಯ ಆಫ್ರಿಕನ್. ಆದರೆ ತಾಯಿಯಿಂದ ಮಕ್ಕಳಿಗೆ ಸಾಗಿಬರುವ ಡಿಎನ್‌ಎ ತುಣುಕನ್ನು ನೋಡಿದರೆ ಅದು ಸಾನ್ ಹೆಂಗಸರ ಕಡೆಯದು. ಜನಾಂಗ ಜನಾಂಗಗಳ ನಡುವೆ ಗೋಡೆ ಕಟ್ಟಿದವರು ಈ ಅಜ್ಜಿಯ ಅನುಮತಿ ಕೇಳಿರಲಿಲ್ಲ.

ಸಾನ್ ಜನರ ನಡುವೆಯೇ ಇಷ್ಟು ವ್ಯತ್ಯಾಸ ಏಕೆ? ಮನುಷ್ಯರು ಹುಟ್ಟಿ ಬೆಳೆದದ್ದು ಆಫ್ರಿಕಾದಲ್ಲಿ. ಸಾನ್ ಜನರ ಕವಲು ಉಳಿದವರಿಂದ ಬೇರೆಯಾಗಿ ಎರಡು ಲಕ್ಷ ವರ್ಷಕ್ಕೂ ಹೆಚ್ಚಾಯಿತು ಎಂಬ ಅಂದಾಜಿದೆ. ಅಷ್ಟು ಕಾಲ ಅಷ್ಟು ದೊಡ್ಡ ನೆಲದಲ್ಲಿ ಜನ ಹರಡಿಕೊಂಡಿದ್ದರೆ, ತಲೆಮಾರಿನಿಂದ ತಲೆಮಾರಿಗೆ ಹೊಸ ಹೊಸ ವ್ಯತ್ಯಾಸಗಳು ಸೇರಿ ಉಳಿಯುತ್ತವೆ. ಸುಮಾರು ಐವತ್ತು, ಅರವತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಒಂದು ಸಣ್ಣ ಗುಂಪು ಹೊರಗೆ ಹೊರಟಿತು. ಹೊರಟವರು ಕೆಲವೇ ಸಾವಿರ ಮಂದಿಯಾದ್ದರಿಂದ ಹಳೆಯ ವೈವಿಧ್ಯದ ಒಂದು ಪಾಲು ಮಾತ್ರ ಅವರ ಜೊತೆ ಬಂತು. ನಾರ್ವೆಯವನು, ಜಪಾನಿನವನು, ಶಿರಸಿಯ ಅಡಿಕೆ ತೋಟದವನು, ಎಲ್ಲರೂ ಬಹುಪಾಲು ಆ ಸಣ್ಣ ಗುಂಪಿನ ಮೊಮ್ಮಕ್ಕಳು. ಇವರ ಮಧ್ಯೆ ಮೂರು ಜನಾಂಗ ಎಣಿಸಿದ ಮಹನೀಯರು, ಇವರೆಲ್ಲರಿಗಿಂತ ಹೆಚ್ಚು ವೈವಿಧ್ಯ ಇರುವ ಖಂಡಕ್ಕೆ ಒಂದೇ ಖಾನೆ ಬಿಟ್ಟರು: 'ಕರಿಯ'.

ಹಾಗಂತ ವ್ಯತ್ಯಾಸವೇ ಇಲ್ಲ ಎನ್ನುವಂತಿಲ್ಲ. ಸಾವಿರಾರು ಅಕ್ಷರಗಳನ್ನು ಒಟ್ಟಿಗೆ ನೋಡಿದರೆ ಒಬ್ಬನ ಅಜ್ಜ ಅಜ್ಜಿಯರು ಭೂಮಿಯ ಯಾವ ಮೂಲೆಯವರು ಎಂದು ಚೆನ್ನಾಗಿಯೇ ಊಹಿಸಬಹುದು. ಆದರೆ 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ರಕ್ತದ ಗುಂಪು, ಪ್ರೋಟೀನುಗಳನ್ನು ಹಿಡಿದು ಲೆಕ್ಕ ಹಾಕಿದಾಗ, ಮನುಷ್ಯರ ಒಟ್ಟು ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೊಂದು ಸಮುದಾಯದ ಒಳಗೇ ಇತ್ತು. 'ಜನಾಂಗ'ಗಳ ನಡುವೆ ಇದ್ದದ್ದು ಶೇ. 6ರ ಆಸುಪಾಸು. ಮುಂದೆ ಡಿಎನ್‌ಎಯನ್ನೇ ಓದಿದಾಗಲೂ ಈ ಪ್ರಮಾಣ ತಲೆಕೆಳಗಾಗಲಿಲ್ಲ.

ಮೈಬಣ್ಣ ಮಾತ್ರ ಈ ಲೆಕ್ಕಕ್ಕೆ ತಿರುಗಿ ನಿಲ್ಲುತ್ತದೆ. ಅದರ ವ್ಯತ್ಯಾಸದ ಬಹುಪಾಲು ಇರುವುದು ಪ್ರದೇಶ ಪ್ರದೇಶಗಳ ನಡುವೆ, ಏಕೆಂದರೆ ಅದನ್ನು ತಿದ್ದಿದ್ದು ಬಿಸಿಲು. ಪಾಪುವಾ ನ್ಯೂಗಿನಿಯವರೂ ಪಶ್ಚಿಮ ಆಫ್ರಿಕಾದವರೂ ಬಣ್ಣದಲ್ಲಿ ಹತ್ತಿರ, ಉಳಿದ ಡಿಎನ್‌ಎಯಲ್ಲಿ ಬಹಳ ದೂರ. ಒಳಗಿನ ಸುದ್ದಿಯನ್ನು ಅತ್ಯಂತ ತಪ್ಪಾಗಿ ಹೇಳುವ ಗುರುತು ಯಾವುದೋ ಅದನ್ನೇ ಹುಡುಕಿ ಆರಿಸಿಕೊಂಡ ಆ ಗುಮಾಸ್ತರ ಕೈಗುಣವನ್ನು ಮೆಚ್ಚಬೇಕು.

ಈ ಖಾನೆಯ ಚಟ ನಮ್ಮ ದೇಶಕ್ಕೆ ಬರಲಿಲ್ಲ ಎಂದು ಬೀಗುವ ಹಾಗಿಲ್ಲ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಒಲಿಂಪಿಕ್ಸ್ ಪದಕ ಬೇಕಿತ್ತು. ಆಫ್ರಿಕಾದವರು ಓಡುತ್ತಾರೆ; ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರು ಆಫ್ರಿಕಾದವರು; ಆದ್ದರಿಂದ ಸಿದ್ದಿಗಳೂ ಓಡಬೇಕು. ಯಲ್ಲಾಪುರ, ಹಳಿಯಾಳದ ಕಾಡಂಚಿನ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ದೂರದ ಓಟಗಳಲ್ಲಿ ಗೆಲ್ಲುತ್ತಿದ್ದವರು ಕೀನ್ಯಾದ ಎತ್ತರದ ನಾಡಿನ ಕೆಲವೇ ಬುಡಕಟ್ಟುಗಳವರು. ಸಿದ್ದಿಗಳ ಪೂರ್ವಜರೋ, ಗುಲಾಮರಾಗಿ ಹಡಗೇರಿ ಬಂದ ಬಂಟು ಭಾಷಿಕರು. ಇಬ್ಬರ ಊರೂ ಒಂದೇ ಖಂಡದಲ್ಲಿದೆ ಎಂಬಷ್ಟಕ್ಕೇ ಕಡತ ಪಾಸಾಗಿತ್ತು. ಆ ಮಕ್ಕಳಲ್ಲಿ ಕೆಲವರು ನಿಜಕ್ಕೂ ರಾಷ್ಟ್ರಮಟ್ಟದಲ್ಲಿ ಗೆದ್ದರು, ಹಾಸ್ಟೆಲು, ಊಟ, ಕೋಚು ಸಿಕ್ಕರೆ ಮಕ್ಕಳು ಗೆಲ್ಲುವ ಹಾಗೆ. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ವಂಶವಾಹಿ ಹೇಗೂ ಅವರಲ್ಲೇ ಇದೆ, ಹಾಸ್ಟೆಲು ಯಾಕೆ ಎಂದು ಯಾರಾದರೂ ಟಿಪ್ಪಣಿ ಬರೆದಿದ್ದರೋ ಏನೋ.