ಐನೂರ ಇಪ್ಪತ್ತು ರೂಪಾಯಿಯ ಪತ್ತೇದಾರಿಕೆ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಟ್ರಸ್ಟ್‌ಗಳ ಪದಾಧಿಕಾರಿಗಳು ಆ ಮಾತನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆಂದರೆ, ಆದಾಯ ತೆರಿಗೆ ಇಲಾಖೆಗೂ ತಿಳಿಯದ ಹಾಗೆ ರಸೀದಿ ಬರೆಯುತ್ತಾರೆ. ದಾನಿಗೆ ಕೈಯಲ್ಲಿ ಸಿಗುವುದು ಕಾಗದವೂ ಅಲ್ಲ, ಕಾಗದದ ಫೋಟೊ. ಅದೂ ಟ್ಯೂಬ್‌ಲೈಟಿನ ಅಡಿಯಲ್ಲಿ ಓರೆಯಾಗಿ ತೆಗೆದು, ಎರಡು ಮೂರು ವಾಟ್ಸಾಪ್ ಗುಂಪುಗಳನ್ನು ಸುತ್ತಿಸಿ ಕಳಿಸಿದ್ದು.

ನನ್ನ ಮುಂದಿರುವುದು ಪರಿಚಯದವರೊಬ್ಬರಿಗೆ ಬಂದ ಚಿತ್ರ. 2025ರ ಮಾರ್ಚ್‌ನಲ್ಲಿ ಅವರು ಒಂದು ಟ್ರಸ್ಟ್‌ಗೆ ಯುಪಿಐ ಮೂಲಕ ಐದು ಸಾವಿರ ರೂಪಾಯಿ ಕಳಿಸಿದ್ದರು. ರಸೀದಿಯ ಅರ್ಧ ಭಾಗವನ್ನು ಅಧ್ಯಕ್ಷರ ಭಾವಚಿತ್ರ ಆಕ್ರಮಿಸಿದೆ. ಕೆಳಗೆ ಕೆಂಪು ಅಕ್ಷರದಲ್ಲಿ ‘ಶೇ. 100 ತೆರಿಗೆ ವಿನಾಯಿತಿ ಉಂಟು’ ಎಂಬ ಘೋಷಣೆ. ಪ್ರಧಾನಮಂತ್ರಿಗಳ ಪರಿಹಾರ ನಿಧಿಯಂಥ ಕೆಲವಕ್ಕೆ ಕೊಟ್ಟರೆ, ತೆರಿಗೆ ಲೆಕ್ಕ ಹಾಕುವ ಆದಾಯದಿಂದ ಆ ಮೊತ್ತ ಪೂರ್ತಿ ಕಡಿತವಾಗುತ್ತದೆ. ಸಾಮಾನ್ಯ ಟ್ರಸ್ಟ್‌ಗೆ ಕೊಟ್ಟರೆ ಅರ್ಧ, ಅದಕ್ಕೂ ಒಂದು ಮಿತಿಯಿದೆ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರನಿಗಂತೂ ಸೊನ್ನೆ. ಆದರೆ ಅಧ್ಯಕ್ಷರು ನಗುತ್ತಿರುವ ರೀತಿ ನೋಡಿದರೆ ಶೇ. 100 ಕೂಡ ಕಡಿಮೆಯಾಯಿತು ಎನಿಸುತ್ತದೆ.

ಈಗ ನೋಂದಣಿ ಸಂಖ್ಯೆ. ಒಂದಲ್ಲ, ಮೆರವಣಿಗೆಯೇ ಇದೆ. ಟ್ರಸ್ಟ್ ಪತ್ರ ನೋಂದಾಯಿಸಿದ ಸಂಖ್ಯೆ, ದರ್ಪಣ್ ಸಂಖ್ಯೆ, 12ಎ ಸಂಖ್ಯೆ. ಇವುಗಳಲ್ಲಿ ಯಾವುದೂ ದಾನಿಗೆ ಕಾಸಿನ ಉಪಯೋಗಕ್ಕೆ ಬರುವುದಿಲ್ಲ. 12ಎ ನೋಂದಣಿ ಟ್ರಸ್ಟ್ ತನ್ನ ಆದಾಯಕ್ಕೆ ತೆರಿಗೆ ತಪ್ಪಿಸಿಕೊಳ್ಳಲಿಕ್ಕೆ ಇರುವುದು. ದಾನಿಗೆ ಬೇಕಾದದ್ದು ಅವನಿಗೆ ಆ ಕಡಿತ ಕೊಡಿಸುವ 80ಜಿ ಅನುಮೋದನೆ ಮಾತ್ರ. ಅದೂ ಇದೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ಪಕ್ಕದಲ್ಲೇ ‘ಶಾಶ್ವತ’ ಎಂಬ ಟಿಪ್ಪಣಿಯೊಂದಿಗೆ. 2009ರ ನಂತರ ಕೆಲವು ವರ್ಷ ಅನುಮೋದನೆಗಳು ನಿಜಕ್ಕೂ ಶಾಶ್ವತವಾಗಿದ್ದವು. 2021ರ ಏಪ್ರಿಲ್‌ನಿಂದ ಎಲ್ಲರೂ ಹೊಸದಾಗಿ ಅರ್ಜಿ ಹಾಕಿ ಹೊಸ ಸಂಖ್ಯೆ ಪಡೆಯಬೇಕಾಯಿತು. ಈಗ ಅನುಮೋದನೆ ಐದು ವರ್ಷಕ್ಕೆ, ತಾತ್ಕಾಲಿಕವಾದರೆ ಹೆಚ್ಚೆಂದರೆ ಮೂರು ವರ್ಷಕ್ಕೆ. ಆದರೆ ಹಳೆಯ ರಸೀದಿ ಪುಸ್ತಕ ಇನ್ನೂ ಮುಗಿದಿಲ್ಲವಲ್ಲ! ಕಾಯಿದೆ ಬದಲಾಯಿತೆಂದು ಛಾಪಿಸಿದ ಪುಸ್ತಕ ಎಸೆಯುವುದು ಸಾರ್ವಜನಿಕರ ಹಣದ ದುರ್ಬಳಕೆಯಾಗುತ್ತದೆ.

ಹೊಸ ಸಂಖ್ಯೆಯನ್ನು ಯಾರೋ ಪುಣ್ಯಾತ್ಮರು ರಬ್ಬರ್ ಸ್ಟಾಂಪ್ ಮಾಡಿಸಿ, ನೇರವಾಗಿ ಖಜಾಂಚಿಯ ಸಹಿಯ ಮೇಲೆ ಒತ್ತಿದ್ದಾರೆ. ಸ್ಟಾಂಪ್ ಎಂಬ ವಸ್ತುವಿನ ಬಗ್ಗೆ ನಮ್ಮವರಿಗಿರುವ ಭಕ್ತಿಯನ್ನು ಯಾರಾದರೂ ಅಧ್ಯಯನ ಮಾಡಬೇಕು. ಖಾಲಿ ಜಾಗದಲ್ಲಿ ಒತ್ತಿದ ಸ್ಟಾಂಪ್‌ಗೆ ಗೌರವವಿಲ್ಲ. ಅಕ್ಷರಗಳ ಮೇಲೆಯೇ ಬೀಳಬೇಕು, ಎರಡು ಸಲ ಬೀಳಬೇಕು, ನೇರಳೆ ಶಾಯಿ ಹಿಂಬದಿಗೆ ಇಳಿಯಬೇಕು. ಆಗಲೇ ಅದು ಅಧಿಕೃತ.

ಆದರೂ ಈ ಶಾಯಿಯ ಕಾಡಿನಲ್ಲಿ ದಾರಿಯಿದೆ. ಹೊಸ ಸಂಖ್ಯೆಯ ಮೊದಲ ಹತ್ತು ಅಕ್ಷರಗಳು ಟ್ರಸ್ಟ್‌ನ ಪ್ಯಾನ್ ಸಂಖ್ಯೆಯೇ. ಪ್ಯಾನ್ ರಸೀದಿಯ ತಲೆಯ ಮೇಲೆ ಪ್ರತ್ಯೇಕವಾಗಿಯೂ ಅಚ್ಚಾಗಿರುತ್ತದೆ. ಎರಡನ್ನೂ ಒಂದರ ಕೆಳಗೊಂದು ಬರೆದುಕೊಂಡರೆ, ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಸಿಗುತ್ತದೆ. ಪ್ಯಾನ್‌ನಲ್ಲಿ ಮೊದಲ ಐದು ಅಕ್ಷರ, ಮುಂದಿನ ನಾಲ್ಕು ಅಂಕಿ, ಕೊನೆಯದು ಅಕ್ಷರ. ನಮ್ಮ ಚಿತ್ರದಲ್ಲಿ ಏಳನೆಯ ಸ್ಥಾನದಲ್ಲಿ ಕಾಣುವ B ಹಾಗಾಗಿ B ಆಗಿರಲಾರದು, 8 ಇರಬೇಕು. ನಾಲ್ಕನೆಯ ಅಕ್ಷರ ಟ್ರಸ್ಟ್‌ನದಾದರೆ T. ಅಲ್ಲಿ P ಕಂಡರೆ ಜೋಪಾನ, ಅದು ಯಾವುದೋ ವ್ಯಕ್ತಿಯ ಪ್ಯಾನ್. ಬಹುಶಃ ಆ ನಗುತ್ತಿರುವವರದೇ. ಹೀಗೆ ಹೊರತೆಗೆದ ಪ್ಯಾನನ್ನು ಇಲಾಖೆಯ ಜಾಲತಾಣದಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಹುಡುಕಿ, ಹೆಸರು ಮತ್ತು ಅವಧಿ ನೋಡಿಕೊಳ್ಳಬೇಕು. ಅವಧಿಯೊಳಗೆ ದಾನದ ದಿನಾಂಕ ಬೀಳಬೇಕು. ರಸೀದಿ ಬರೆದ ದಿನಾಂಕವಲ್ಲ.

ನಮ್ಮ ಪರಿಚಯದವರ ಟ್ರಸ್ಟ್ ಈ ಪರೀಕ್ಷೆಯಲ್ಲಿ ಪಾಸಾಯಿತು. ನಪಾಸಾದದ್ದು ಪಾವತಿ ವಿಧಾನದ ಸಾಲಿನಲ್ಲಿ. ‘ನಗದು / ಚೆಕ್ / ಡಿಡಿ’ ಎಂದು ಅಚ್ಚಾಗಿದೆ. ಪುಸ್ತಕ ಛಾಪಿಸಿದಾಗ ಯುಪಿಐ ಹುಟ್ಟಿರಲಿಲ್ಲ. ಗುಮಾಸ್ತ ಎರಡು ಗಳಿಗೆ ಯೋಚಿಸಿರಬೇಕು. ಚೆಕ್ ಬಂದಿಲ್ಲ, ಡಿಡಿ ಬಂದಿಲ್ಲ, ಆದ್ದರಿಂದ ತರ್ಕಬದ್ಧವಾಗಿ ‘ನಗದು’ ಎಂಬುದಕ್ಕೆ ಗುರುತು ಹಾಕಿದ್ದಾನೆ.

ಆ ಒಂದು ಗೀಟಿನಿಂದ ಐದು ಸಾವಿರವೂ ತೊಳೆದುಹೋಯಿತು. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ದಾನವನ್ನು ನಗದಾಗಿ ಕೊಟ್ಟರೆ 80ಜಿ ಕಡಿತವಿಲ್ಲ. ಮೊದಲ ಎರಡು ಸಾವಿರಕ್ಕಾದರೂ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಸಿಗುವುದಿಲ್ಲ. ಇಡೀ ಮೊತ್ತ ಹೋಗುತ್ತದೆ. ಖಜಾಂಚಿಗೆ ಫೋನ್ ಮಾಡಿದರೆ ಅವರು ಉದಾರಿಗಳು. “ಅದಕ್ಕೇನು ಸ್ವಾಮಿ, ಎರಡು ಸಾವಿರ, ಎರಡು ಸಾವಿರ, ಒಂದು ಸಾವಿರ ಎಂದು ಮೂರು ರಸೀದಿ ಮಾಡಿಕೊಡೋಣ!” ಯುಪಿಐ ಮೂಲಕ ನ್ಯಾಯವಾಗಿ ಕೊಟ್ಟ ಹಣವನ್ನು, ಒಂದೇ ದಿನದ ಮೂರು ಸಾಲು ಸಂಖ್ಯೆಯ ರಸೀದಿಗಳ ಸುಳ್ಳು ನಗದಾಗಿ ಪರಿವರ್ತಿಸುವ ಈ ಸೇವೆಗೆ ಅವರು ಪ್ರತ್ಯೇಕ ಶುಲ್ಕವನ್ನೂ ಕೇಳಲಿಲ್ಲ.

“ರಸೀದಿ ಬೇಡ ಸರ್, 10ಬಿಇ ಕೊಡಿ” ಎಂದರು ಪರಿಚಯದವರು.

“ಅದೆಲ್ಲ ನಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ” ಎಂದರು ಖಜಾಂಚಿ.

ಇಡೀ ಕಥೆಯ ತಿರುಳು ಇಲ್ಲಿದೆ. 2021-22ರಿಂದ ರಸೀದಿಯ ಚಿತ್ರವೊಂದನ್ನೇ ಹಿಡಿದು ಓಡಾಡುವಂತಿಲ್ಲ. ವರ್ಷದ ದಾನಿಗಳ ವಿವರವನ್ನು ಟ್ರಸ್ಟ್ 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಪ್ರತಿ ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ದಾನಿಯ ಪ್ಯಾನ್, ಮೊತ್ತ, ಪಾವತಿ ವಿಧಾನ ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಗುಮಾಸ್ತನ ‘ನಗದು’ ಅಲ್ಲಿಗೂ ಹೋಗಿದ್ದರೆ, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ ಟ್ರಸ್ಟ್‌ನಿಂದಲೇ ಪರಿಷ್ಕೃತ 10ಬಿಡಿ ಹಾಕಿಸಬೇಕು. ತಡವಾದರೆ ಟ್ರಸ್ಟ್‌ಗೆ ದಿನಕ್ಕೆ 200 ರೂಪಾಯಿ ಶುಲ್ಕವಿದೆ. ಆದರೆ ದಿನ ಎಣಿಸುತ್ತ ನಿದ್ದೆಗೆಡುವವನು ದಾನಿ.

ಇಷ್ಟಕ್ಕೂ ಪಣದಲ್ಲಿರುವುದು ಎಷ್ಟು? ಪರಿಚಯದವರು ಹಳೆಯ ಪದ್ಧತಿಯಲ್ಲಿದ್ದಾರೆ, ಉಳಿದ ಕಡಿತಗಳ ನಂತರದ ಆದಾಯ ಆರೂವರೆ ಲಕ್ಷ. ಮಿತಿ ಅದರ ಶೇ. 10, ಅಂದರೆ 65,000. ಐದು ಸಾವಿರಕ್ಕೆ ಅದು ಅಡ್ಡ ಬರುವುದಿಲ್ಲ. ಅರ್ಧದ ಲೆಕ್ಕದಲ್ಲಿ ಕಡಿತ 2,500. ಶೇ. 20ರ ತೆರಿಗೆ 500, ಸೆಸ್ 20. ಒಟ್ಟು ಐನೂರ ಇಪ್ಪತ್ತು ರೂಪಾಯಿ.

ನಗು ಬರುವುದು ಇಲ್ಲಿಯವರೆಗೆ. ಕಮಿಷನ್ ಹಿಡಿದುಕೊಂಡು ದಾನದ ಹಣವನ್ನು ದಾನಿಗೇ ನಗದಾಗಿ ಹಿಂದಿರುಗಿಸುವ ದಂಧೆಯ ರಸೀದಿಗಳು ಇವೆಯಲ್ಲ, ಅವು ಚೊಕ್ಕವಾಗಿರುತ್ತವೆ. ಸಂಖ್ಯೆ ಸ್ಪಷ್ಟ, ಪ್ಯಾನ್ ಸ್ಪಷ್ಟ, ಪಾವತಿ ವಿಧಾನ ಸದಾ ಬ್ಯಾಂಕ್ ಮೂಲಕ. ಸುಳ್ಳು ಕಡಿತಗಳ ವಿರುದ್ಧ ಇಲಾಖೆ 2025ರ ಜುಲೈನಲ್ಲಿ ದೇಶದಾದ್ಯಂತ ತಪಾಸಣೆ ನಡೆಸಿತು; ಒಳ್ಳೆಯದೇ. ಆದರೆ ಕಾಗದ ನೋಡಿ ಅಳೆಯುವುದಾದರೆ ಕಳ್ಳನೇ ಸಾಚಾ. ನಿಜವಾಗಿ ಕೊಟ್ಟವನು ಭೂತಗನ್ನಡಿ ಹಿಡಿದು 8 ಯಾವುದು, B ಯಾವುದು ಎಂದು ಹುಡುಕುತ್ತಾನೆ, ತನ್ನದಲ್ಲದ ತಪ್ಪನ್ನು ತಿದ್ದಿಸಲು ಗೋಗರೆಯುತ್ತಾನೆ. ಪ್ರಾಮಾಣಿಕ ಟ್ರಸ್ಟ್‌ಗೆ ಒಂದು ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸಲು ಆಗುವುದಿಲ್ಲವೇ? ವರ್ಷಕ್ಕೊಮ್ಮೆ ಒಂದು ನಮೂನೆ ತುಂಬಲು ಆಗುವುದಿಲ್ಲವೇ? ಸೇವೆ ಎಂದು ಹೆಸರಿಟ್ಟುಕೊಂಡರೆ ಲೆಕ್ಕ ಇಡುವ ಕೆಲಸದಿಂದ ಮುಕ್ತಿಯೇ? ಸಾಕಾಗಿದೆ.

ಪರಿಚಯದವರು 10ಬಿಇಗಾಗಿ ಇನ್ನೊಮ್ಮೆ ಸಂದೇಶ ಕಳಿಸಿದರು. ಖಜಾಂಚಿಯಿಂದ ತಕ್ಷಣ ಉತ್ತರ ಬಂತು: ವಾರ್ಷಿಕೋತ್ಸವದ ಕರೆಯೋಲೆ, ಅಧ್ಯಕ್ಷರ ಹೊಸ ಭಾವಚಿತ್ರ, ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ನೋಡಿದರೆ ಖಾತೆ ಟ್ರಸ್ಟ್‌ನದಲ್ಲ, ಖಜಾಂಚಿಯ ಸ್ವಂತದ್ದು.