ಒಂಬತ್ತು ಪಾಯಿಂಟಿನ ಅಡ್ಡಗಾಲು

ಇಲ್ಲಿನ ಕ್ಲಬ್ಬಿನಲ್ಲಿ ಗೆದ್ದ ಒಂದು ಸ್ಕ್ರ್ಯಾಬಲ್ ಆಟದ ಫೋಟೋವನ್ನು ಮನೆಯವರ ಗುಂಪಿಗೆ ಕಳಿಸಿದ್ದೆ. ಅಣ್ಣ ತಕ್ಷಣ ಬರೆದ: "ಕೊನೇಲಿ ಬರೀ ಒಂಬತ್ತು ಪಾಯಿಂಟಿನ ಪದಾನಾ? ಅಡ್ಡಗಾಲು ಹಾಕಿ ಗೆದ್ಯಾ?" ಚಿಕ್ಕಪ್ಪ ಅದಕ್ಕೆ ಹೆಬ್ಬೆರಳು ಒತ್ತಿದರು. ತಮಾಷೆಗೆ ಅಂದಿದ್ದು ಅಂತ ಗೊತ್ತು. ಆದರೂ ಚುಚ್ಚಿತು. ಅದೇ ಒಂಬತ್ತು ಪಾಯಿಂಟಿನ ಪದಕ್ಕೆ, ಎದುರು ಕೂತು ಸೋತ ಹಿರಿಯರು ಕೈ ಕುಲುಕಿ "ಚೆನ್ನಾಗಿ ಮುಚ್ಚಿದ್ರಿ" ಅಂದಿದ್ದರು.

ನಮ್ಮ ಕಡೆ ಈ ಆಟ ಕಲಿತವರಿಗೆಲ್ಲ ಒಂದೇ ಪಾಠ. ಉದ್ದದ ಪದ ಹುಡುಕು, ಜಾಸ್ತಿ ಪಾಯಿಂಟ್ ತಗೋ. ಎದುರಿನವರ ದಾರಿಗೆ ಅಡ್ಡ ಬಂದರೆ ಅದು ಹೊಟ್ಟೆಕಿಚ್ಚು, ಸಣ್ಣ ಬುದ್ಧಿ. ಮುಂದಿದ್ದರೂ ಅಷ್ಟೇ, ಹಿಂದಿದ್ದರೂ ಅಷ್ಟೇ. ಇಲ್ಲಿ ಹಾಗಲ್ಲ. ಆಟದ ಕೊನೆಯಲ್ಲಿ ಮುಂದಿರುವವರು "ನನಗೆ ಎಷ್ಟು ಸಿಗುತ್ತದೆ" ಎಂದು ನೋಡುವ ಮೊದಲು "ಅವರಿಗೆ ಎಲ್ಲಿ ಸಿಗುತ್ತದೆ" ಎಂದು ನೋಡುತ್ತಾರೆ. ಇದೇ ಸರಿಯಾದ ಆಟ ಅಂತ ನನಗೆ ಪೂರ್ತಿ ಮನವರಿಕೆಯಾಗಿದೆ. ಯಾಕೆ ಅಂತ ಆ ಫೋಟೋದಲ್ಲಿದ್ದ ಆಟವನ್ನೇ ಇಟ್ಟುಕೊಂಡು ಹೇಳುತ್ತೇನೆ.

ನಾನು 48 ಪಾಯಿಂಟ್ ಮುಂದಿದ್ದೆ. ಚೀಲದಲ್ಲಿ ಉಳಿದಿದ್ದು 5 ಅಕ್ಷರ. ಬೋರ್ಡಿನ ಬಹುಪಾಲು ಮುಚ್ಚಿಹೋಗಿತ್ತು, ಒಂದು ಜಾಗ ಬಿಟ್ಟು. ಎಡದಿಂದ 11ನೇ ಕಂಬದಲ್ಲಿ ಮೇಲಿನಿಂದ ಕೆಳಕ್ಕೆ ಎಂ-ಓ-ಟಿ-ಇ-ಎಲ್, ಮೋಟೆಲ್. ಅದರ ಎಲ್ ಇದ್ದದ್ದು 14ನೇ ಸಾಲಿನಲ್ಲಿ. ಕೆಳಗಿನ 15ನೇ ಸಾಲು ಪೂರ್ತಿ ಖಾಲಿ. ಎಲ್ ಕೆಳಗೆ ಒಂದು ಎಸ್ ಇಟ್ಟರೆ ಮೋಟೆಲ್ಸ್. ಆ ಎಸ್ ಅನ್ನು ಸೇರಿಸಿಕೊಂಡು ಕೆಳಗಿನ ಸಾಲಿನಲ್ಲಿ ಏಳಕ್ಷರದ ಪದವೊಂದು ಅಡ್ಡಕ್ಕೆ ಮಲಗಬಹುದು.

ಆ ಸಾಲಿನ 1, 8 ಮತ್ತು 15ನೇ ಮನೆಗಳು ಟ್ರಿಪಲ್ ವರ್ಡ್, ಅಲ್ಲಿ ಅಕ್ಷರ ಬಿದ್ದರೆ ಇಡೀ ಪದದ ಪಾಯಿಂಟ್ ಮೂರು ಪಟ್ಟು. ಏಳಕ್ಷರದ ಪದದಲ್ಲಿ ಎಸ್ ಮೂರನೆಯದಾಗಿರಬಹುದು, ನಾಲ್ಕು, ಐದು, ಆರು ಅಥವಾ ಏಳನೆಯದಾಗಿರಬಹುದು. ಬಲಗಡೆ ನಾಲ್ಕೇ ಮನೆ ಇರುವುದರಿಂದ ಅದಕ್ಕಿಂತ ಮುಂಚೆ ಬರುವಂತಿಲ್ಲ. ಈ ಐದು ರೀತಿಯಲ್ಲಿ ಹೇಗೆ ಇಟ್ಟರೂ ಒಂದು ಟ್ರಿಪಲ್ ಸಿಕ್ಕೇ ಸಿಗುತ್ತದೆ. ಏಳೂ ಒಂದೊಂದು ಪಾಯಿಂಟಿನ ಅಕ್ಷರ ಅಂದುಕೊಂಡರೂ 21, ಕೈಯಲ್ಲಿರುವ ಏಳೂ ಅಕ್ಷರ ಒಮ್ಮೆಲೇ ಇಡುವ ಬಿಂಗೋಗೆ 50, ಮೋಟೆಲ್ಸ್‌ಗೆ 8. ಕಡಿಮೆ ಅಂದರೂ 79.

ನನಗೆ ಇನ್ನೊಂದು ಕಡೆ 24 ಪಾಯಿಂಟಿನ ಪದ ಸಿಗುತ್ತಿತ್ತು. ಅಣ್ಣನಾಗಿದ್ದರೆ ಅದನ್ನೇ ಇಡುತ್ತಿದ್ದ. ಆಗ ಮುನ್ನಡೆ 72 ಆಗುತ್ತದೆ. 79 ಎದುರು 72! ಇಷ್ಟು ಲೆಕ್ಕ ಸಾಕು, ಅಲ್ವಾ?

ಅವರ ಹತ್ತಿರ ಎಸ್ ಇದೆಯೋ ಇಲ್ಲವೋ ಅಂತ ಕೇಳಬಹುದು. ಬೋರ್ಡಿನಲ್ಲಿ ಬಿದ್ದ ಅಕ್ಷರಗಳನ್ನು ಕಳೆದು ನೋಡಿದರೆ ನನಗೆ ಕಾಣದೆ ಉಳಿದಿದ್ದು 12. ಅದರಲ್ಲಿ ಎರಡು ಎಸ್, ಯಾವ ಅಕ್ಷರವಾಗಿ ಬೇಕಾದರೂ ಇಡಬಹುದಾದ ಒಂದು ಬ್ಲ್ಯಾಂಕ್. ಆ 12ರಲ್ಲಿ 7 ಅವರ ಕೈಯಲ್ಲಿ. ಈ ಮೂರರಲ್ಲಿ ಒಂದಾದರೂ ಅವರಲ್ಲಿರುವ ಸಾಧ್ಯತೆ 22ರಲ್ಲಿ 21. ಸಾಲದ್ದಕ್ಕೆ ಹಿಂದಿನ ಸರದಿಯಲ್ಲಿ ಅವರು ಒಂದೇ ಅಕ್ಷರ ಇಟ್ಟು ಐದು ಪಾಯಿಂಟ್ ತಗೊಂಡಿದ್ದರು. ಹಿಂದಿರುವವರು ಆರು ಅಕ್ಷರ ಕೈಯಲ್ಲೇ ಉಳಿಸಿಕೊಂಡು ಒಂದನ್ನು ಮಾತ್ರ ಬಿಟ್ಟರೆ, ಆ ಆರೂ ಹೊಂದಿಕೊಂಡಿವೆ, ಏಳನೆಯದಕ್ಕೆ ಕಾಯುತ್ತಿದ್ದಾರೆ ಎಂದೇ ಅರ್ಥ.

ನಾನು ಮೋಟೆಲ್‌ನ ಎಲ್ ಅನ್ನೇ ಬಳಸಿ 14ನೇ ಸಾಲಿನಲ್ಲಿ ವಿ-ಐ-ಎ-ಎಲ್ ಇಟ್ಟೆ. ವಯಲ್. ಎ ಕೂತ ಮನೆ ಆ ಒಂದು ಅಕ್ಷರದ ಪಾಯಿಂಟನ್ನು ಮೂರು ಪಟ್ಟು ಮಾಡುವ ಟ್ರಿಪಲ್ ಲೆಟರ್ ಆಗಿದ್ದರೂ ಒಟ್ಟು ಒಂಬತ್ತೇ. ಆದರೆ ವಿ ಕೂತ ಜಾಗ ನೋಡಿ. ಎಡದಿಂದ 8ನೇ ಮನೆ, ಅಂದರೆ ಕೆಳಗಿನ ಟ್ರಿಪಲ್‌ನ ನೆತ್ತಿಯ ಮೇಲೆ. ಮೇಲೆ ಕೆಳಗೆ ತಾಗಿ ಕೂತ ಅಕ್ಷರಗಳೂ ಸೇರಿ ಪದವಾಗಲೇಬೇಕು, ಆದರೆ ವಿ ಇರುವ ಎರಡಕ್ಷರದ ಪದ ಆಟದ ಪಟ್ಟಿಯಲ್ಲಿ ಒಂದೂ ಇಲ್ಲ. ಹಾಗಾಗಿ ಅದರ ಕೆಳಗಿನ ಮನೆಯಲ್ಲಿ ಯಾರೂ ಏನೂ ಇಡುವಂತಿಲ್ಲ. ಐದು ರೀತಿಗಳಲ್ಲಿ ನಾಲ್ಕಕ್ಕೆ ಆ ಮನೆ ಬೇಕೇ ಬೇಕು. ನಾಲ್ಕೂ ಹೋದವು.

ಅಣ್ಣನಿಗೆ ಅರ್ಥವಾಗಬೇಕಾದ್ದು ಇದು. ಅಡ್ಡ ಹಾಕುವುದು ಸಣ್ಣ ಪದ ಇಟ್ಟು ಕೂರುವುದಲ್ಲ. ಅದೇ ಎಲ್‌ನಿಂದ ಬಲಕ್ಕೆ ಎಲ್-ಓ-ಎ-ಎನ್, ಲೋನ್ ಅಂತಲೂ ಇಡಬಹುದಿತ್ತು. ಎಂಟು ಪಾಯಿಂಟ್, ಹೆಚ್ಚುಕಮ್ಮಿ ಅಷ್ಟೇ. ಆದರೆ ಅದು ಏನನ್ನೂ ಮುಚ್ಚುವುದಿಲ್ಲ. ಎಸ್‌ನಿಂದ ಮುಗಿಯುವ ಪದ ಎಡದಿಂದ ಬಂದು ಎಲ್ ಕೆಳಗೆ ಆರಾಮಾಗಿ ನಿಲ್ಲುತ್ತದೆ. ಮೇಲಾಗಿ ಲೋನ್‌ಗೂ ಎಸ್ ಹತ್ತುತ್ತದೆ. ಆ ಎಸ್ ಬೀಳುವುದು ಬಲಗಡೆಯ ಕೊನೆಯ ಕಂಬದಲ್ಲಿ, ಅಲ್ಲಿ 8ನೇ ಮನೆ, 15ನೇ ಮನೆ ಎರಡೂ ಟ್ರಿಪಲ್. ಒಂದು ಬಾಗಿಲು ಮುಚ್ಚಲು ಹೋಗಿ ಇನ್ನೊಂದು ತೆರೆದಂತೆ. ಅಡ್ಡ ಹಾಕುವ ಪದಕ್ಕೆ ಮುಂದೆ ಹಿಂದೆ ಏನು ಹತ್ತುತ್ತದೆ ಎಂದು ನೋಡದೆ ಇಟ್ಟರೆ ಇಡದಿರುವುದೇ ವಾಸಿ.

ವಯಲ್ ಕೂಡ ಪೂರ್ತಿ ಭದ್ರ ಅಲ್ಲ. ಎಸ್ ಮೂರನೆಯದಾಗಿರುವ ಪದಕ್ಕೆ ಸಂದು ಉಳಿದೇ ಇತ್ತು. ಎ, ಇ, ಐ, ಎನ್, ಆರ್, ಎಸ್, ಟಿ ಅವರ ಕೈಯಲ್ಲಿದ್ದಿದ್ದರೆ ರಿಟೇನ್ಸ್ ಎಂದು ಇಡಲಾಗುತ್ತಿರಲಿಲ್ಲ. ಆದರೆ ಅದೇ ಅಕ್ಷರಗಳಿಂದ ನಾಸ್ಟಿಯರ್ ಆಗುತ್ತದೆ. ಎನ್-ಎ-ಎಸ್ ಎಂದು ಶುರುವಾಗಿ ಐ ಕೆಳಗೆ ಎನ್, ಎ ಕೆಳಗೆ ಎ, ಎಲ್ ಕೆಳಗೆ ಎಸ್. ಮೂರೂ ಸರಿಯಾದ ಪದ. ಮೂಲೆಯ ಟ್ರಿಪಲ್ ಸೇರಿ 86. ಅಷ್ಟು ಅಪಾಯ ಒಪ್ಪಿಕೊಂಡೇ ಇಟ್ಟಿದ್ದು. ಅವರ ಕೈಯಲ್ಲಿದ್ದದ್ದು ಟಿ-ಆರ್-ಎ-ಡಿ-ಇ-ಆರ್-ಎಸ್, ಟ್ರೇಡರ್ಸ್. ಆಟ ಮುಗಿದ ಮೇಲೆ ಅವರೇ ತಿರುಗಿಸಿ ತೋರಿಸಿದರು. ದಾರಿ ತೆರೆದಿದ್ದರೆ 82 ಬರುತ್ತಿತ್ತು. ಚೀಲದಲ್ಲಿ 7ಕ್ಕಿಂತ ಕಡಿಮೆ ಅಕ್ಷರ ಇದ್ದಾಗ ಬದಲಾಯಿಸಿಕೊಳ್ಳಲೂ ಆಗುವುದಿಲ್ಲ. ಅದನ್ನೇ ಒಡೆದು 21ಕ್ಕೆ ತೃಪ್ತರಾದರು. ಒಂಬತ್ತು ಕೂಡಿ 57 ಆಗಿದ್ದ ನನ್ನ ಮುನ್ನಡೆ 36ಕ್ಕೆ ಇಳಿಯಿತು, ಅಷ್ಟೇ.

ಇದು ಹೊಟ್ಟೆಕಿಚ್ಚು ಹೇಗಾಗುತ್ತದೆ? ಎದುರಿನವರ ಕೈಯಲ್ಲಿ ಏನಿರಬಹುದು ಎಂದು ಎಣಿಸಿ, ಅದು ಎಲ್ಲಿ ಕೂರಬಹುದು ಎಂದು ಯೋಚಿಸಿ, ಹದಿನೈದು ಪಾಯಿಂಟ್ ಕೈಬಿಟ್ಟು ಆಡುವುದು ಅವರಿಗೆ ಕೊಡುವ ಮರ್ಯಾದೆ ಅಂತಲೇ ನಾನು ಅಂದುಕೊಂಡಿದ್ದೇನೆ. ನಮ್ಮ ಕಡೆ ಎದುರಿನವರ ಅಕ್ಷರ ಎಣಿಸುವ ಅಭ್ಯಾಸವೇ ಇಲ್ಲ. ತಮ್ಮ ಏಳು ಅಕ್ಷರದ ಆಚೆ ನೋಡುವುದೇ ಇಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಇಲ್ಲಿ ಕೆಲವರಿಗೆ ಇದೇ ಚಟ. ಚೀಲದಲ್ಲಿ ನಲವತ್ತು ಅಕ್ಷರ ಇರುವಾಗಲೇ, ಮೂವತ್ತು ಪಾಯಿಂಟ್ ಮುಂದೆ ಬಂದ ಕೂಡಲೇ ಮುಚ್ಚಲು ಶುರು ಮಾಡುತ್ತಾರೆ. ಸರದಿಗೆ ಹದಿನೈದರಂತೆ ನಾಲ್ಕು ಸಲ ಬಿಟ್ಟರೆ ಅರವತ್ತು ಹೋಯಿತು, ಒಂದು ಬಿಂಗೋದಷ್ಟು. ಅಷ್ಟು ಹೊತ್ತಿಗೆ ಎದುರಿನವರು ಬೇರೆಲ್ಲೋ ದಾರಿ ಮಾಡಿಕೊಂಡಿರುತ್ತಾರೆ.

ದಾರಿ ಮಾಡಿಕೊಳ್ಳುವುದರಲ್ಲಿ ನಮ್ಮ ಕಡೆಯವರು ಗಟ್ಟಿಗರು, ಅದನ್ನು ಒಪ್ಪಲೇಬೇಕು. ಹಿಂದಿರುವಾಗ ಅವರು ಒಂದೇ ಪದದಿಂದ ಎರಡು ಕಡೆ ಎಸ್ ಹತ್ತುವಂತೆ ಮಾಡುತ್ತಾರೆ. ಒಂದು ಸರದಿಗೆ ಒಂದನ್ನು ಮುಚ್ಚಬಹುದು, ಎರಡನ್ನಲ್ಲ. ಆಗ ಟ್ರಿಪಲ್ ಇರುವ ಕಡೆ ಮುಚ್ಚಿ, ಇನ್ನೊಂದರಲ್ಲಿ ಬಿಂಗೋ ಬಿದ್ದರೂ ತಡೆದುಕೊಳ್ಳುವಷ್ಟು ಮುನ್ನಡೆ ಇದೆಯಾ ಎಂದು ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಆ ಸರದಿಯಲ್ಲಿ ಮುಚ್ಚುವುದನ್ನು ಬಿಟ್ಟು 24 ತಗೊಳ್ಳುವುದೇ ಸರಿ.